ಬಾಕಿ ತೀರಿಸಿ ಬರೆದ ಹಬ್ಬದ ಚೀಟಿ

ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ವ್ಯಾಪಾರಸ್ಥರ ಮೊಬೈಲಿಗೆ ಬಂದು ಬೀಳುವ ಶುಭಾಶಯಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಎರಡು ಹಣತೆ, ಒಂದು ರಂಗೋಲಿ, ಮೂಲೆಯಲ್ಲಿ ಕಳಿಸಿದ ಅಂಗಡಿಯ ಹೆಸರು, ಕೆಳಗೆ ‘ತಮಗೂ ತಮ್ಮ ಕುಟುಂಬದವರಿಗೂ ಹಾರ್ದಿಕ ಶುಭಾಶಯಗಳು’. ನೋಡಿದವರು ಕೈಮುಗಿದ ಚಿಹ್ನೆಯೊಂದನ್ನು ಒತ್ತಿ ಮುಂದಿನದಕ್ಕೆ ಹೋಗುತ್ತಾರೆ, ಸಂಜೆಯ ಪೂಜೆಯ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಅಳಿಸಿರುತ್ತಾರೆ. ಕಳಿಸಿದವರ ಮನಸ್ಸಿನಲ್ಲಿ ಕೃತಜ್ಞತೆ ಇಲ್ಲವೆಂದಲ್ಲ. ವರ್ಷವಿಡೀ ಮಾಲು ಕೊಟ್ಟವರಿಂದ, ಅದನ್ನು ಹೊತ್ತು ಸಾಗಿಸಿದವರಿಂದ ತನ್ನ ಅಂಗಡಿ ನಡೆಯುತ್ತಿದೆ ಎಂಬುದು ಸಣ್ಣ ಉದ್ದಿಮೆದಾರನಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಆದರೆ ಆ ತಿಳಿವಳಿಕೆ ಹಣತೆಯ ಚಿತ್ರದೊಳಗೆ ಇಳಿಯುವುದಿಲ್ಲ. ಅದನ್ನು ಬರೆದು ತಿಳಿಸಬೇಕಾದರೆ ಯಾರಿಗೆ, ಯಾವ ದಿನ, ಏನನ್ನು ಹೆಸರಿಸಿ ಬರೆಯಬೇಕು ಎಂಬ ಯೋಚನೆ ಬೇಕು. ಅದಕ್ಕೂ ಮೊದಲು ಒಂದು ಕೆಲಸ ಮುಗಿದಿರಬೇಕು: ಅವರ ಬಾಕಿ ತೀರಿರಬೇಕು.

ಮಾತು ಹಿಡಿತಕ್ಕೆ ಸಿಗಲೆಂದು ಒಂದು ಉದ್ದಿಮೆಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯಲ್ಲಿ ಒಬ್ಬ ಹೆಂಗಸು ನಾಲ್ಕೈದು ಮಂದಿ ಕೆಲಸದವರನ್ನಿಟ್ಟುಕೊಂಡು ಸಾರಿನ ಪುಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರುತ್ತಾರೆ. ಮೆಣಸಿನಕಾಯಿ ಬರುವುದು ಬ್ಯಾಡಗಿಯ ವರ್ತಕರೊಬ್ಬರಿಂದ. ಗುರೆಳ್ಳು ಊರಿನ ಮಂಡಿಯಿಂದ, ರಟ್ಟಿನ ಡಬ್ಬಿ ಊರಲ್ಲೇ ಮಾಡಿಕೊಡುವ ಒಬ್ಬರಿಂದ. ಸಿದ್ಧವಾದ ಮಾಲನ್ನು ಅಂಗಡಿಗಳಿಗೆ ಮುಟ್ಟಿಸುವುದು ಒಬ್ಬ ಗೂಡ್ಸ್ ಆಟೊ ಚಾಲಕ. ಮಂಗಳೂರಿನ ಕಡೆಗೆ ಲಾರಿ ಟ್ರಾನ್ಸ್‌ಪೋರ್ಟ್, ಬಿಡಿ ಗಿರಾಕಿಗಳಿಗೆ ಕೊರಿಯರ್. ಇಷ್ಟು ಮಂದಿಗೂ ಒಂದೇ ಚಿತ್ರ ಕಳಿಸಿ ಕೈತೊಳೆದುಕೊಳ್ಳುವ ಬದಲು ಆಕೆ ಏನು ಮಾಡಬಹುದು?

ಮೊದಲು ದಿನದ ವಿಚಾರ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಒಂದಲ್ಲ, ಎರಡು ಹಬ್ಬಗಳಿವೆ. ಮಾಲು ಕೊಡುವ ವರ್ತಕರಿಗೆ ದೊಡ್ಡ ದಿನ ದೀಪಾವಳಿಯ ಅಮಾವಾಸ್ಯೆ. ಅಂಗಡಿಯಲ್ಲಿ ಲಕ್ಷ್ಮೀಪೂಜೆ, ಗಲ್ಲಾಪೆಟ್ಟಿಗೆಗೆ ಪೂಜೆ, ಹಲವೆಡೆ ಹೊಸ ಖಾತೆ ಪುಸ್ತಕಕ್ಕೂ ಪೂಜೆ. ಆದರೆ ಗಾಡಿ ಓಡಿಸುವವನಿಗೆ, ಯಂತ್ರ ನಡೆಸುವವನಿಗೆ, ಕೈಯಲ್ಲಿ ಕೊಕ್ಕೆ ಹಿಡಿದು ಚೀಲ ಎತ್ತುವವನಿಗೆ ತನ್ನದೆನಿಸುವ ಹಬ್ಬ ಆಯುಧ ಪೂಜೆ. ಅವತ್ತು ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳಕಾಯಿ ಒಡೆಯುತ್ತಾರೆ. ಮಹಾನವಮಿಗೂ ದೀಪಾವಳಿ ಅಮಾವಾಸ್ಯೆಗೂ ನಡುವೆ ಮೂರು ವಾರ. 2025ರಲ್ಲಿ ಆಯುಧ ಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು, ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ. ಸಾಗಣೆಯವರ ಧನ್ಯವಾದವನ್ನು ದೀಪಾವಳಿಯವರೆಗೆ ಎಳೆದರೆ ಅವರ ಹಬ್ಬ ಕಳೆದುಹೋಗಿರುತ್ತದೆ. ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿ ಒಂದೇ ದಿನ ಕಳಿಸುವುದರಲ್ಲಿ ಆಗುವ ಮೊದಲ ತಪ್ಪು ಇದೇ ಎಂದು ನನ್ನ ಎಣಿಕೆ. ಪಟ್ಟಿ ಎರಡಾಗಬೇಕು, ದಿನವೂ ಎರಡಾಗಬೇಕು.

ಇನ್ನು ಬಾಕಿ. ಎರಡು ತಿಂಗಳಿಂದ ಬಿಲ್ಲಿನ ಹಣ ಬಾರದೆ ಕಾಯುತ್ತಿರುವ ಡಬ್ಬಿ ತಯಾರಕರಿಗೆ ‘ನಿಮ್ಮ ಸಹಕಾರಕ್ಕೆ ಧನ್ಯವಾದ’ ಎಂಬ ಸಂದೇಶ ಹೋದರೆ ಅದನ್ನು ಅವರು ಹೇಗೆ ಓದುತ್ತಾರೆ? ಸಹಕಾರ ಎಂದರೆ ಬಾಕಿ ಕೇಳದೆ ಸುಮ್ಮನಿದ್ದುದಕ್ಕೆ ಎಂದೇ ಓದುತ್ತಾರೆ. ನೋಯಿಸುವ ಉದ್ದೇಶ ಬರೆದವರಿಗೆ ಇರಲಿಕ್ಕಿಲ್ಲ, ಆದರೂ ನೋವಾಗುತ್ತದೆ. ಹಬ್ಬದ ವಾರ ಅವರೂ ತಮ್ಮ ಕೆಲಸಗಾರರಿಗೆ ಬೋನಸ್ ಕೊಡಬೇಕು, ಕಾಗದದ ಗಿರಣಿಗೆ ಹಣ ಕಟ್ಟಬೇಕು. ಅವರಿಗೆ ಬೇಕಿರುವುದು ಆ ಹಣ, ಅದೂ ಹಬ್ಬಕ್ಕೆ ಮುಂಚೆ.

ಅದು ಎಷ್ಟು ಮುಂಚೆ ಸೇರಬೇಕು ಎನ್ನುವುದಕ್ಕೂ ಒಂದು ಲೆಕ್ಕವಿದೆ. ಲಕ್ಷ್ಮೀಪೂಜೆಯ ದಿನ ಗಲ್ಲಾಪೆಟ್ಟಿಗೆಯಿಂದ ಹಣ ಹೊರಗೆ ಹೋಗಬಾರದು, ಲಕ್ಷ್ಮಿಯನ್ನು ಆಚೆ ಕಳಿಸಿದಂತಾಗುತ್ತದೆ ಎಂಬ ನಂಬಿಕೆಯನ್ನು ಬಹಳ ಮನೆಗಳಲ್ಲಿ, ಅಂಗಡಿಗಳಲ್ಲಿ ಇಂದಿಗೂ ಪಾಲಿಸುತ್ತಾರೆ. ಹಾಗಾಗಿ ‘ಹಬ್ಬದ ದಿನ ಕೊಟ್ಟುಬಿಡೋಣ’ ಎಂದುಕೊಂಡ ಹಣ ಆ ದಿನ ಕೊಡಲಾಗದೆ ಪಾಡ್ಯ ದಾಟಿಯೇ ಹೊರಡುತ್ತದೆ. ನರಕ ಚತುರ್ದಶಿ, ಬಲಿಪಾಡ್ಯಮಿ ಎರಡಕ್ಕೂ ಇಲ್ಲಿ ಸಾಮಾನ್ಯವಾಗಿ ಬ್ಯಾಂಕ್ ರಜೆ. ಯುಪಿಐ, ನೆಫ್ಟ್ ರಜೆಯಲ್ಲೂ ನಡೆಯುತ್ತವೆ, ಚೆಕ್ ನಡೆಯುವುದಿಲ್ಲ. ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬದ ಗಡಿಬಿಡಿಯಲ್ಲಿ ಕೊಟ್ಟ ಚೆಕ್ಕು ಹಬ್ಬ ಮುಗಿಯುವವರೆಗೂ ಬರೀ ಕಾಗದ. ಆದ್ದರಿಂದ ಮಾಲು ಕೊಡುವವರ ಲೆಕ್ಕ ಅಮಾವಾಸ್ಯೆಗೆ ಒಂದು ವಾರ ಮುಂಚೆ ಚುಕ್ತಾ ಆಗಬೇಕು, ಗಾಡಿಯವರ ಬಾಡಿಗೆ ಮಹಾನವಮಿಗೆ ಮೂರು ನಾಲ್ಕು ದಿನ ಮುಂಚೆ.

ಇದರಲ್ಲಿ ಕಾನೂನಿನ ಮಾತೂ ಒಂದಿದೆ, ಸಣ್ಣ ಉದ್ದಿಮೆಯವರಲ್ಲೇ ಹಲವರಿಗೆ ಪೂರ್ತಿ ಗೊತ್ತಿರುವುದಿಲ್ಲ. 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು, ಲಿಖಿತ ಕರಾರಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ಕರಾರಿಲ್ಲದಿದ್ದರೆ ಗಡುವು 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳು ತಿಂಗಳಿಗೆ ಸೇರುವ ಚಕ್ರಬಡ್ಡಿ. ಕೊಂಡವರು ತಾವೂ ಸಣ್ಣವರು ಎಂಬುದು ಇದಕ್ಕೆ ನೆಪವಾಗುವುದಿಲ್ಲ. ನಮ್ಮ ಉದಾಹರಣೆಯ ಡಬ್ಬಿ ತಯಾರಕರು ಉದ್ಯಮ್ ನೋಂದಣಿ ಮಾಡಿಸಿದ್ದರೆ ಈ ರಕ್ಷಣೆ ಅವರಿಗುಂಟು. ಬ್ಯಾಡಗಿಯ ವರ್ತಕರಿಗೆ ಇಲ್ಲ, ಏಕೆಂದರೆ 2021ರಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ತೆರೆದಾಗ ಅದನ್ನು ಆದ್ಯತಾ ವಲಯದ ಸಾಲದ ಸೌಲಭ್ಯಕ್ಕಷ್ಟೇ ಸೀಮಿತಗೊಳಿಸಿದರು. ಅಂದರೆ ವರ್ತಕರ ಕೈಯಲ್ಲಿರುವುದು ನಿಮ್ಮ ಮಾತೊಂದೇ. ಹಾಗಿರುವವರ ಬಾಕಿಯನ್ನು ಮೊದಲು ತೀರಿಸುವುದು ನ್ಯಾಯ ಎಂದು ನನಗನ್ನಿಸುತ್ತದೆ.

ಹಣ ಸಂದಾಯವಾದುದನ್ನು ಬೇರೆ ಸಂದೇಶದಲ್ಲಿ, ಮೊತ್ತ ಮತ್ತು ಬಿಲ್ ಸಂಖ್ಯೆ ಸಹಿತ ಒಣ ಲೆಕ್ಕದಂತೆ ತಿಳಿಸಬೇಕು. ಧನ್ಯವಾದದ ಚೀಟಿಯಲ್ಲಿ ಅದನ್ನು ಬರೆಯಬಾರದು. ಬರೆದರೆ ಕೊಟ್ಟ ಬಾಕಿಯೇ ಒಂದು ಉಪಕಾರವಾದಂತೆ ಕಾಣುತ್ತದೆ.

ಈಗ ಚೀಟಿ. ಬ್ಯಾಡಗಿಯ ವರ್ತಕರಿಗೆ ಆಕೆ ಏನು ಬರೆಯಬಹುದು? ಬ್ಯಾಡಗಿ ಹಾವೇರಿ ಜಿಲ್ಲೆಯ ಊರು, ಅಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು. ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. ಸಾರಿನ ಪುಡಿಯ ಕೆಂಪು ನಿಂತಿರುವುದು ಈ ಬಣ್ಣದ ಮೇಲೆ. ಹೊಸ ಕಾಯಿ ಪೇಟೆಗೆ ಬರುವುದು ವರ್ಷದ ಮೊದಲ ತಿಂಗಳುಗಳಲ್ಲಿ, ಪೇಟೆ ಸೋಮವಾರ ಮತ್ತು ಗುರುವಾರ. ದೀಪಾವಳಿಯ ಹೊತ್ತಿಗೆ ವರ್ತಕರ ಬಳಿ ಇರುವುದೆಲ್ಲ ಕೋಲ್ಡ್ ಸ್ಟೋರೇಜಿನ ಮಾಲು. ಅಂದರೆ ಆಕೆ ಧನ್ಯವಾದ ಹೇಳಬೇಕಾದ ಕೆಲಸ ನಡೆದದ್ದು ಏಳೆಂಟು ತಿಂಗಳ ಹಿಂದೆ. ಅದನ್ನು ನೆನಪಿಟ್ಟುಕೊಂಡು ಹೇಳಿದರೆ ಆ ನೆನಪಿಗೇ ಒಂದು ತೂಕ ಬರುತ್ತದೆ.

ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ: ‘ಮಾನ್ಯರೇ, ವರ್ಷವಿಡೀ ತಾವು ನೀಡಿದ ಗುಣಮಟ್ಟದ ಸೇವೆ ಮತ್ತು ಅಮೂಲ್ಯ ಸಹಕಾರಕ್ಕೆ ಧನ್ಯವಾದಗಳು. ಮುಂದಿನ ವರ್ಷವೂ ಇದೇ ದರದಲ್ಲಿ ಇದೇ ರೀತಿ ಸಹಕರಿಸಬೇಕಾಗಿ ವಿನಂತಿ.’ ಇದರ ಮೊದಲ ವಾಕ್ಯವನ್ನು ಗ್ಯಾಸ್ ಏಜೆನ್ಸಿಗೂ ಕಳಿಸಬಹುದು, ಲೇಬಲ್ ಅಚ್ಚು ಹಾಕಿದ ಪ್ರೆಸ್ಸಿಗೂ ಕಳಿಸಬಹುದು. ಎರಡನೆಯ ವಾಕ್ಯ ಇನ್ನೂ ಕೆಟ್ಟದ್ದು. ದರದ ಮಾತು ಬಂದ ಕೂಡಲೇ ಅದು ಕೊಟೇಶನ್ ಕೇಳುವ ಕಾಗದವಾಗುತ್ತದೆ. ಓದಿದವರು ಧನ್ಯವಾದವನ್ನು ಮರೆತು ಮುಂದಿನ ಸುಗ್ಗಿಯ ದರ ಯೋಚಿಸಲು ಕೂರುತ್ತಾರೆ.

ತಿದ್ದಿ ಬರೆದದ್ದು ಹೀಗಿರಬಹುದು:

‘ಸಾಹುಕಾರರಿಗೆ ನಮಸ್ಕಾರ. ಹೋದ ಮಾರ್ಚ್‌ನಲ್ಲಿ ಸೋಮವಾರದ ಪೇಟೆಯಲ್ಲಿ ನಮಗೆಂದು ಹಿಡಿದ ಮಾಲಿನಲ್ಲಿ ತೇವ ಇದೆ ಎಂದು ನೀವೇ ಫೋನ್ ಮಾಡಿ ತಿಳಿಸಿ, ಅದನ್ನು ಬಿಟ್ಟು ಗುರುವಾರದ ಪೇಟೆಯ ಡಬ್ಬಿ ಕಾಯಿ ಕಳಿಸಿದಿರಿ. ಆ ಕಾಯಿ ಕುಟ್ಟಿದ ಪುಡಿಯ ಬಣ್ಣ ಇವತ್ತಿಗೂ ಇಳಿದಿಲ್ಲ. ಒಂದು ಪೊಟ್ಟಣ ಇದರ ಜೊತೆ ಇಟ್ಟಿದ್ದೇನೆ, ಮನೆಯಲ್ಲಿ ಸಾರು ಮಾಡಿ ನೋಡಿ. ನಿಮಗೂ ಮನೆಯವರಿಗೂ ಅಂಗಡಿಯ ಎಲ್ಲರಿಗೂ ದೀಪಾವಳಿಯ ಶುಭಾಶಯ.’

ಐದೇ ವಾಕ್ಯ. ಈ ಚೀಟಿ ಹೆಸರಿಸಿರುವುದು ವರ್ತಕರು ತಾವಾಗಿ ಮಾಡಿದ ಒಂದು ಆಯ್ಕೆಯನ್ನು. ಮೆಣಸಿನಕಾಯಿ ಒಣಗಿದೆಯೇ ಎಂದು ತಿಳಿಯಲು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಬೀಜ ಗಲಗಲ ಎಂದರೆ ಒಣಗಿದೆ. ಸದ್ದಿಲ್ಲದೆ ಬಳುಕಿದರೆ ತೇವವಿದೆ. ತೇವದ ಕಾಯಿ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ, ಕುಟ್ಟಿದ ಪುಡಿ ಗಂಟು ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ತೇವದ ಕಾಯಿ ತೂಕ ಹೆಚ್ಚು ತೂಗುವುದರಿಂದ ಅದನ್ನೇ ಕಳಿಸಿದ್ದರೆ ವರ್ತಕರಿಗೆ ನಷ್ಟವಿರಲಿಲ್ಲ. ದೂರದ ಗಿರಾಕಿ ಎದುರಿಗೆ ನಿಂತು ನೋಡುವುದೂ ಇಲ್ಲ. ಹಾಗಿದ್ದೂ ಅವರು ತಡೆದರು. ಆ ತಡೆದದ್ದನ್ನು ಗಿರಾಕಿ ಗಮನಿಸಿದ್ದಾರೆ ಎಂಬುದು ಈ ಚೀಟಿಯಿಂದ ಅವರಿಗೆ ತಿಳಿಯುತ್ತದೆ. ಜೊತೆಗೆ, ಯಾವ ವಿನಂತಿಯೂ ಇಲ್ಲದೆಯೇ, ಈ ಗಿರಾಕಿಗೆ ತೇವದ ವಿಚಾರ ಎಷ್ಟು ಮುಖ್ಯ ಎಂಬುದೂ ಮನಸ್ಸಿನಲ್ಲಿ ಕೂರುತ್ತದೆ.

ಪುಡಿಯ ಪೊಟ್ಟಣದ ಬಗ್ಗೆ ಒಂದು ಮಾತು. ಮೆಣಸಿನಕಾಯಿ ವರ್ತಕರಿಗೆ ಹಬ್ಬಕ್ಕೆ ಹತ್ತಾರು ಸಿಹಿ ಡಬ್ಬಿ ಬರುತ್ತವೆ. ಆದರೆ ತಾವು ಕಳಿಸಿದ ಕಾಯಿ ಕೊನೆಗೆ ಏನಾಯಿತು ಎಂದು ಅವರು ನೋಡುವುದೇ ಅಪರೂಪ, ಮಾಲು ಲಾರಿ ಹತ್ತಿದ ಮೇಲೆ ಅವರ ಪಾಲಿಗೆ ಅದು ಖಾತೆಯ ಒಂದು ಸಾಲು. ಅದೇ ಕಾಯಿಯ ಪುಡಿ ಅವರ ಅಡುಗೆಮನೆಗೆ ತಲುಪಿದರೆ ಅದಕ್ಕೆ ಸಮನಾದ ಉಡುಗೊರೆ ಪೇಟೆಯಲ್ಲಿ ಸಿಗಲಾರದು. ಸಿಹಿಯನ್ನೇ ಕಳಿಸಬೇಕೆಂದಿದ್ದರೆ ದೂರದ ಊರಿಗೆ ಖೋವಾದ ಸಿಹಿ ಬೇಡ. ಹಾಲಿನ ಸಿಹಿಗಳು ಕೆಲವೇ ದಿನ ಬಾಳುತ್ತವೆ, ಹಬ್ಬದ ಕಾಲದಲ್ಲಿ ಪಾರ್ಸೆಲ್ ಎಲ್ಲಿ ಎಷ್ಟು ಹೊತ್ತು ಕೂರುತ್ತದೋ ಹೇಳಲಾಗದು. ಬಿಡಿಯಾಗಿ ಮಾರುವ ಸಿಹಿಗೂ ಯಾವ ದಿನದೊಳಗೆ ತಿನ್ನುವುದು ಉತ್ತಮ ಎಂಬುದನ್ನು ಅಂಗಡಿಯವರು ತೋರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಕೊಳ್ಳುವಾಗ ಆ ಫಲಕ ನೋಡಿ. ಚಕ್ಕುಲಿ, ಕೋಡುಬಳೆ, ಶಂಕರಪೋಳಿಯಂಥವು ಪ್ರಯಾಣಕ್ಕೆ ತಡೆಯುತ್ತವೆ.

ರಟ್ಟಿನ ಡಬ್ಬಿ ಮಾಡಿಕೊಡುವವರು ಮುಸ್ಲಿಮರು ಎಂದಿಟ್ಟುಕೊಳ್ಳಿ. ಅವರಿಗೆ ದೀಪಾವಳಿಯ ಚೀಟಿ ಕಳಿಸಬೇಕೇ ಎಂದು ಕೆಲವರು ಅನುಮಾನಿಸುತ್ತಾರೆ, ಇನ್ನು ಕೆಲವರು ಲಕ್ಷ್ಮಿಯ ಚಿತ್ರವಿರುವ ಅದೇ ಕಾರ್ಡನ್ನು ಯೋಚಿಸದೆ ಕಳಿಸುತ್ತಾರೆ. ಎರಡೂ ಬೇಡ. ಹಬ್ಬ ನಮ್ಮದು, ಅದರ ಸಿಹಿ ಹಂಚುವುದು ನಮ್ಮ ಸಂತೋಷ ಎಂಬಂತೆ ಬರೆದರೆ ಸಹಜವಾಗಿರುತ್ತದೆ:

‘ಭಾಯ್, ನಮಸ್ಕಾರ. ಮಳೆಗಾಲದಲ್ಲಿ ಮಂಗಳೂರಿಗೆ ಹೋಗುವ ಮಾಲಿಗೆ ತ್ರೀ ಪ್ಲೈ ಡಬ್ಬಿ ಸಾಲದು, ಕೆಳಗಿನ ಸಾಲಿಗಾದರೂ ಫೈವ್ ಪ್ಲೈ ಹಾಕಿ ಅಂತ ನೀವೇ ಹೇಳಿದಿರಿ. ಹಾಗೆ ಮಾಡಿದ ಮೇಲೆ ಒಂದು ಪೊಟ್ಟಣವೂ ಒಡೆದು ವಾಪಸ್ ಬಂದಿಲ್ಲ. ನಮ್ಮ ಮನೆಯ ಹಬ್ಬದ ಚಕ್ಕುಲಿ ಕಳಿಸಿದ್ದೇನೆ, ಮಕ್ಕಳಿಗೆ ಕೊಡಿ.’

ರಟ್ಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ಡಬ್ಬಿ ಕುಸಿಯುತ್ತದೆ. ಕರಾವಳಿಯ ಮಳೆಯಲ್ಲಿ ಇದು ಬೇಗ. ಈ ವಿಷಯ ಡಬ್ಬಿ ಮಾಡುವವರಿಗೆ ಗೊತ್ತು, ಪುಡಿ ಮಾಡುವವರಿಗೆ ನಷ್ಟವಾದ ಮೇಲೆ ಗೊತ್ತಾಗುತ್ತದೆ. ತಾನು ಕೊಟ್ಟ ಸಲಹೆ ಫಲಿಸಿತೇ ಇಲ್ಲವೇ ಎಂದು ಸಲಹೆ ಕೊಟ್ಟವರಿಗೆ ಯಾರೂ ತಿರುಗಿ ಹೇಳುವುದಿಲ್ಲ. ಈ ಚೀಟಿ ಹೇಳುತ್ತದೆ. ಮತ್ತು ರಂಜಾನ್ ಬಂದಾಗ ಅವರ ಹಬ್ಬಕ್ಕೂ ಒಂದು ಮಾತು ಹೋಗಬೇಕು, ಅದನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಗೂಡ್ಸ್ ಆಟೊ ಚಾಲಕರಿಗೆ ಸಲ್ಲಬೇಕಾದದ್ದು ಆಯುಧ ಪೂಜೆಗೆ ಎಂದೆನಲ್ಲ. ಆ ವಾರ ಚೆಂಡುಹೂವು, ಸೇವಂತಿಗೆ, ಕುಂಬಳಕಾಯಿಯ ಬೆಲೆ ಏರುತ್ತದೆ. ಪೂಜೆ ಮುಗಿದು ಪುರಿ, ಸಿಹಿ ಹಂಚಲು ಬಂದಾಗ ಲಕೋಟೆ ಕೊಡುವುದಕ್ಕಿಂತ ಎರಡು ದಿನ ಮುಂಚೆ ‘ಗಾಡಿ ಪೂಜೆಗೆ’ ಎಂದು ಕೊಟ್ಟರೆ ಅದು ಬೇಕಾದ ಹೊತ್ತಿಗೆ ಒದಗುತ್ತದೆ. ಮೊತ್ತ ಎಷ್ಟೇ ಇರಲಿ, ಕೊನೆಗೆ ಒಂದು ರೂಪಾಯಿ ಸೇರಿಸುವ ನಮ್ಮ ರೂಢಿಯಂತೆ 501 ಎಂದರೆ ಅದು ಹಬ್ಬದ ಕೊಡುಗೆ ಎಂದು ಬಾಯಿಬಿಟ್ಟು ಹೇಳದೆಯೇ ಗೊತ್ತಾಗುತ್ತದೆ. ಬಾಡಿಗೆಯ ಬಾಕಿಯನ್ನು ಮಾತ್ರ ಆ ಲಕೋಟೆಗೆ ಸೇರಿಸಬಾರದು. ದುಡಿದದ್ದು ಬೇರೆ, ಖುಷಿಗೆ ಕೊಟ್ಟದ್ದು ಬೇರೆ. ಎರಡನ್ನು ಬೆರೆಸಿದರೆ ದುಡಿದವನಿಗೆ ತನ್ನ ಲೆಕ್ಕ ಕೇಳಲು ಬಾಯಿ ಕಟ್ಟಿದಂತಾಗುತ್ತದೆ. ಲಕೋಟೆಯೊಳಗಿನ ಚೀಟಿಯಲ್ಲಿ ಎರಡು ಸಾಲು ಸಾಕು: ‘ಅಣ್ಣಾ, ಜುಲೈನಲ್ಲಿ ಮಳೆ ಹಿಡಿದ ರಾತ್ರಿ ಟಾರ್ಪಾಲು ಎರಡು ಸುತ್ತು ಹೊದಿಸಿ, ಇಳಿಸುವಾಗಲೂ ಒಂದು ಡಬ್ಬಿ ನೆನೆಯದ ಹಾಗೆ ನೋಡಿಕೊಂಡಿರಿ. ಗಾಡಿಗೂ ನಿಮಗೂ ಒಳ್ಳೆಯದಾಗಲಿ.’ ಓದು ಬರಹ ಅಷ್ಟಾಗಿ ಬಾರದವರಾದರೆ ಇದೇ ಮಾತನ್ನು ಎದುರಿಗೆ ನಿಂತು, ಸಾಧ್ಯವಾದರೆ ಅವರ ಮನೆಯವರ ಮುಂದೆ ಹೇಳಬೇಕು. ಚೀಟಿಯನ್ನು ಮಗಳೋ ಮಗನೋ ಓದಿ ಹೇಳಲಿ ಎಂದು ಕೊಟ್ಟರೂ ಚೆನ್ನ.

ಟ್ರಾನ್ಸ್‌ಪೋರ್ಟ್ ಆಫೀಸಿನ ಹಮಾಲರದು ಬೇರೆ ಕ್ರಮ. ಅವರು ತಂಡವಾಗಿ ದುಡಿದು, ಬಂದ ಹಮಾಲಿಯನ್ನು ಹಂಚಿಕೊಳ್ಳುವವರು. ತಂಡದಲ್ಲಿ ಪರಿಚಯವಿರುವ ಒಬ್ಬರಿಗೆ ಹೆಚ್ಚು, ಉಳಿದವರಿಗೆ ಕಡಿಮೆ ಕೊಟ್ಟರೆ ಅವರೊಳಗೇ ಮನಸ್ತಾಪ ಹುಟ್ಟುತ್ತದೆ. ಎಲ್ಲರಿಗೂ ಸಮನಾಗಿ, ಮೇಸ್ತ್ರಿಯ ಎದುರಿಗೇ, ಒಬ್ಬೊಬ್ಬರ ಕೈಗೆ ಕೊಡುವುದು ಸರಿ. ಎಷ್ಟು ಮಂದಿ ಇದ್ದಾರೆಂದು ಹಿಂದಿನ ದಿನ ಕೇಳಿಕೊಂಡು ಹೋಗಬೇಕು, ಒಂದು ಪೊಟ್ಟಣ ಕಡಿಮೆ ಬಿದ್ದರೆ ಆ ಒಬ್ಬರಿಗೆ ಆಗುವ ಬೇಸರವನ್ನು ಆಮೇಲೆ ಸರಿಪಡಿಸಲಾಗದು.

ಕೊರಿಯರ್ ಹುಡುಗನ ವಿಷಯದಲ್ಲಿ ಒಂದು ಎಚ್ಚರ ಬೇಕು. ಅವನಿಗೆ ಧನ್ಯವಾದ ಹೇಳುವ ಅತ್ಯುತ್ತಮ ದಾರಿ ಅವನ ಶಾಖೆಯ ಮ್ಯಾನೇಜರಿಗೆ ಒಂದು ಕಾಗದ ಬರೆಯುವುದು. ಮೇಲಿನವರ ಕಿವಿಗೆ ಬೀಳುವುದು ಬಹುತೇಕ ದೂರುಗಳೇ, ಹೊಗಳಿಕೆ ಬರವಣಿಗೆಯಲ್ಲಿ ಬರುವುದು ವಿರಳ. ಆದರೆ ಆ ಕಾಗದದಲ್ಲಿ ಏನು ಬರೆಯುತ್ತೇವೆ ಎಂಬುದನ್ನು ಎರಡು ಸಲ ಓದಿಕೊಳ್ಳಬೇಕು. ‘ಸಮಯ ಮುಗಿದ ಮೇಲೂ ನಮ್ಮ ಪಾರ್ಸೆಲ್ ಒಳಗೆ ಹಾಕಿಸಿಕೊಂಡ’, ‘ತೂಕ ಸ್ವಲ್ಪ ಹೆಚ್ಚಿದ್ದರೂ ಬಿಟ್ಟ’ ಎಂದು ಪ್ರೀತಿಯಿಂದ ಬರೆದರೆ ಅದೇ ಅವನ ಮೇಲಿನ ಆರೋಪಪತ್ರವಾಗುತ್ತದೆ. ನಿಯಮದೊಳಗೇ ಅವನು ಮಾಡಿದ ಒಳ್ಳೆಯ ಕೆಲಸವನ್ನು ಹುಡುಕಿ ಬರೆಯಬೇಕು. ‘ವಿಳಾಸದಲ್ಲಿ ಪಿನ್‌ಕೋಡ್ ತಪ್ಪಿರುವುದನ್ನು ಪಾರ್ಸೆಲ್ ತೆಗೆದುಕೊಳ್ಳುವಾಗಲೇ ಗುರುತಿಸಿ ನಮಗೆ ತೋರಿಸಿದರು, ಹಬ್ಬದ ಆರ್ಡರು ಸರಿಯಾದ ಊರಿಗೆ ಹೋಯಿತು’ ಎಂಬ ಒಂದು ಸಾಲು ಅವನ ಹೆಸರಿನೊಂದಿಗೆ ಹೋದರೆ ಅವನಿಗೆ ನಿಜಕ್ಕೂ ಉಪಯೋಗವಾಗುತ್ತದೆ. ಹೆಸರನ್ನು ಅವನ ಗುರುತಿನ ಚೀಟಿ ನೋಡಿ ಸರಿಯಾಗಿ ಬರೆಯಬೇಕು. ವರ್ಷವಿಡೀ ‘ಕೊರಿಯರ್’ ಎಂದೇ ಕರೆಸಿಕೊಂಡವನಿಗೆ ಕಾಗದದಲ್ಲೂ ಹೆಸರು ತಪ್ಪಬಾರದು.

ಮೊಬೈಲ್ ಆ್ಯಪ್ ಮೂಲಕ ಬಂದು ಪೊಟ್ಟಣ ಒಯ್ಯುವ ಸವಾರರಿಗೆ ಚೀಟಿ ಬರೆಯಲಾಗದು. ಇವತ್ತು ಬಂದವರು ನಾಳೆ ಬರುವುದಿಲ್ಲ. ಅವರ ಎರಡು ಕೈಗೂ ಕೆಲಸ, ಸಿಹಿ ಡಬ್ಬಿ ಇಟ್ಟುಕೊಳ್ಳಲು ಜಾಗವಿಲ್ಲ, ನಿಂತು ಮಾತಾಡಲು ಹೊತ್ತಿಲ್ಲ. ಅವರಿಗೆ ಹಬ್ಬದ ಮಾತು ತಲುಪಿಸಬೇಕಾದ ಬಗೆ ಬೇರೆ. ಪಾರ್ಸೆಲ್ ಕೊಡುವ ಕಟ್ಟೆಯ ಮೇಲೆ ಕುಡಿಯುವ ನೀರು, ಅಲ್ಲೇ ನಿಂತು ತಿಂದು ಹೋಗುವಂಥ ಎರಡು ಚಕ್ಕುಲಿಯ ಸಣ್ಣ ಪೊಟ್ಟಣ, ಗೋಡೆಗೆ ಕನ್ನಡದಲ್ಲೂ ಹಿಂದಿಯಲ್ಲೂ ಒಂದು ಬರಹ: ‘ನೀರು ಕುಡಿಯಿರಿ, ಶೌಚಾಲಯ ಒಳಗಿದೆ, ಬಳಸಬಹುದು.’ ದಿನವಿಡೀ ಬೀದಿಯಲ್ಲಿ ಓಡಾಡುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈ ಕೊನೆಯ ಮಾತಿಗಿಂತ ಬೇಕಾದ ಹಬ್ಬದ ಕೊಡುಗೆ ಇನ್ನೊಂದಿಲ್ಲ. ಹಬ್ಬ ಮುಗಿದ ಮೇಲೆ ಆ ಬರಹವನ್ನು ತೆಗೆಯಬೇಕಾಗಿಯೂ ಇಲ್ಲ.

ಕಳಿಸುವ ಬಗೆಯಲ್ಲಿ ಆಗುವ ಎಡವಟ್ಟುಗಳು ಕೆಲವಿವೆ. ಎಲ್ಲರನ್ನೂ ಸೇರಿಸಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿ ‘ಎಲ್ಲರಿಗೂ ಧನ್ಯವಾದ’ ಎನ್ನುವುದು ಅವುಗಳಲ್ಲಿ ಮುಖ್ಯವಾದದ್ದು. ಹಾಗೆ ಮಾಡಿದ ಕೂಡಲೇ ನಿಮಗೆ ಮೆಣಸಿನಕಾಯಿ ಕೊಡುವ ಇಬ್ಬರು ವರ್ತಕರು ಒಬ್ಬರನ್ನೊಬ್ಬರು ನೋಡುತ್ತಾರೆ, ಚಾಲಕರ ಸ್ವಂತ ನಂಬರು ಗುರುತಿಲ್ಲದ ಹತ್ತಾರು ಜನರ ಕೈಗೆ ಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಈ ತೊಂದರೆ ಇಲ್ಲ, ಪ್ರತಿಯೊಬ್ಬರಿಗೂ ಬೇರೆಯಾಗಿಯೇ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಚಾಲಕರಲ್ಲಿ, ಕೊರಿಯರ್ ಹುಡುಗರಲ್ಲಿ ಉಳಿಸಿಕೊಳ್ಳದವರೇ ಹೆಚ್ಚಿರಬಹುದು. ಕಳಿಸಿದವರು ಎಲ್ಲರಿಗೂ ಮುಟ್ಟಿತೆಂದು ನಂಬಿರುತ್ತಾರೆ, ಅತ್ತ ಏನೂ ಬಂದಿರುವುದಿಲ್ಲ. ಎರಡು ಟಿಕ್ ಬಿದ್ದಿದೆಯೇ ಎಂದು ಒಬ್ಬೊಬ್ಬರದೂ ನೋಡಿದರೆ ಗೊತ್ತಾಗುತ್ತದೆ. ಹದಿನೈದಿಪ್ಪತ್ತು ಜನರಿರುವ ಸಣ್ಣ ಉದ್ದಿಮೆಗೆ ಈ ಪಟ್ಟಿಯ ಗೊಡವೆಯೇ ಬೇಡ ಎನ್ನುತ್ತೇನೆ. ದಿನಕ್ಕೆ ನಾಲ್ಕು ಚೀಟಿಯಂತೆ ಕೈಯಲ್ಲೇ ಬರೆದರೆ ವಾರದೊಳಗೆ ಮುಗಿಯುತ್ತದೆ. ದೂರದವರಿಗೆ ಮಾಲಿನ ಜೊತೆ ಅಥವಾ ಅಂಚೆಯಲ್ಲಿ, ಹತ್ತಿರದವರಿಗೆ ಕೈಯಲ್ಲಿ. ಅಮಾವಾಸ್ಯೆಯ ದಿನ ತಲುಪಬೇಕೆಂಬ ಹಟವೂ ಬೇಡ. ಆ ದಿನ ಎಲ್ಲರ ಸಂದೇಶಗಳ ರಾಶಿಯಲ್ಲಿ ಇದೂ ಮುಳುಗುತ್ತದೆ, ಎರಡು ಮೂರು ದಿನ ಮುಂಚೆ ಬಂದದ್ದನ್ನು ಜನ ಕೂತು ಓದುತ್ತಾರೆ.

ತಕರಾರು ನಡೆಯುತ್ತಿರುವವರಿಗೆ ಏನು ಬರೆಯುವುದು? ಗುರೆಳ್ಳು ಕೊಟ್ಟ ಮಂಡಿಯವರ ಎರಡು ಚೀಲದಲ್ಲಿ ಮರಳು ಸಿಕ್ಕಿದೆ, ವಾಪಸ್ ಮಾಡಬೇಕೆಂದು ಆಕೆ, ಜರಡಿ ಹಿಡಿದೇ ಕಳಿಸಿದ್ದೆಂದು ಅವರು. ಮಾತು ಇನ್ನೂ ಮುಗಿದಿಲ್ಲ. ಇಂಥವರಿಗೆ ‘ನಿಮ್ಮ ಉತ್ತಮ ಗುಣಮಟ್ಟಕ್ಕೆ ಧನ್ಯವಾದ’ ಎಂದು ಎಲ್ಲರಿಗೂ ಹೋದ ಸಾಲೇ ಹೋದರೆ ಅವರು ಅದನ್ನು ಚುಚ್ಚುಮಾತೆಂದು ತಿಳಿಯುತ್ತಾರೆ. ತಿಳಿಯದಿದ್ದರೆ ಮರಳಿನ ತಕರಾರಿಗೆ ಅದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಏನೂ ಕಳಿಸದೆ ಬಿಟ್ಟರೆ ಜಗಳ ಮನೆಯವರೆಗೂ ಹೋದಂತೆ. ಆದ್ದರಿಂದ ಧನ್ಯವಾದವಿಲ್ಲದ, ತಕರಾರಿನ ಮಾತೂ ಇಲ್ಲದ ಬರೀ ಶುಭಾಶಯ ಹೋಗಲಿ: ‘ನಿಮಗೂ ಮನೆಯವರಿಗೂ ದೀಪಾವಳಿಯ ಶುಭಾಶಯ. ಹಬ್ಬ ಕಳೆದ ಮೇಲೆ ಬಂದು ಕಾಣುತ್ತೇನೆ.’ ಅವರ ಬಿಲ್ಲಿನಲ್ಲಿ ತಕರಾರಿಲ್ಲದ ಭಾಗದ ಹಣವನ್ನು ಮಾತ್ರ ಹಬ್ಬಕ್ಕೆ ಮುಂಚೆ ಕೊಟ್ಟಿರಬೇಕು. ಎರಡು ಚೀಲದ ಜಗಳಕ್ಕೆ ಹತ್ತು ಚೀಲದ ಹಣ ಹಿಡಿಯುವುದು ಸರಿಯಲ್ಲ.

ಇಷ್ಟೆಲ್ಲ ಬರೆಯಲು ಕೂತಾಗ ಬರುವ ನಿಜವಾದ ಕಷ್ಟ ಬೇರೆಯೇ. ಯಾರು ಏನು ಮಾಡಿದರು ಎಂಬುದು ನೆನಪಿಗೆ ಬರುವುದಿಲ್ಲ. ಮಾರ್ಚ್‌ನ ಫೋನ್ ಕರೆ, ಜುಲೈನ ಟಾರ್ಪಾಲು ಅಕ್ಟೋಬರ್ ಹೊತ್ತಿಗೆ ಮಸುಕಾಗಿರುತ್ತವೆ, ಕೊನೆಗೆ ಕೈ ತಾನಾಗಿ ‘ಅಮೂಲ್ಯ ಸಹಕಾರ’ ಎಂದೇ ಬರೆಯುತ್ತದೆ. ಅದಕ್ಕೆ ಹಳೆಯ ವರ್ತಕರು ಖಾತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಒಂದು ಪುಟ ಬಿಡುತ್ತಿದ್ದ ಕ್ರಮವನ್ನೇ ಬಳಸಿಕೊಳ್ಳಬಹುದು. ಅಮಾವಾಸ್ಯೆಯಂದು ಪೂಜೆಗಿಟ್ಟ ಹೊಸ ಪುಸ್ತಕದ ಹಿಂಬದಿಯ ಹತ್ತಿಪ್ಪತ್ತು ಹಾಳೆಯಲ್ಲಿ, ಮಾಲು ಕೊಡುವವರಿಗೂ ಸಾಗಿಸುವವರಿಗೂ ತಲಾ ಒಂದು ಪುಟ. ಮೇಲೆ ಹೆಸರು, ಫೋನ್ ನಂಬರು, ಅವರ ಹಬ್ಬ ಯಾವುದು, ಕನ್ನಡ ಓದುತ್ತಾರೋ ಇಲ್ಲವೋ. ಕೆಳಗೆ ತಾರೀಖು ಹಾಕಿ ಒಂದೊಂದು ಸಾಲು: ‘ಮಾರ್ಚ್ 12, ತೇವದ ಮಾಲು ತಾವೇ ತಡೆದರು.’ ‘ಜೂನ್ 3, ಫೈವ್ ಪ್ಲೈ ಹೇಳಿದರು.’ ‘ಆಗಸ್ಟ್ 20, ಗುರೆಳ್ಳು ಎರಡು ಚೀಲ ಮರಳು, ಮಾತಾಡಬೇಕು.’ ಬರೆಯಲು ಅರ್ಧ ನಿಮಿಷ ಬೇಕು, ಅದೂ ಬಿಲ್ಲು ಖಾತೆಗೆ ಏರಿಸುವ ಹೊತ್ತಿಗೇ ಆದೀತು. ಮಹಾನವಮಿಗೆ ಹತ್ತು ದಿನ ಇರುವಾಗ ಸಾಗಣೆಯವರ ಪುಟಗಳನ್ನು ತೆರೆದರೆ ಸರಿ, ದೀಪಾವಳಿಗೆ ಹತ್ತು ದಿನ ಇರುವಾಗ ಉಳಿದವನ್ನು.